ಬೈರಿ, ಬರೀಬ್ಯಾಡ್ರಿ: ಎರಡು ಸಂಸ್ಥೆ ಒಂದಾದಾಗ ಸಂಸ್ಕೃತಿ ಡಿಕ್ಕಿ ಹೊಡೆಯುವ ಜಾಗ

ಪ್ರಶ್ನೆ: ಸರ್, ನಾನು ಕೊಪ್ಪಳದಲ್ಲಿ ಎಂಬಿಎ ಓದುತ್ತಿದ್ದೇನೆ. ಸಂಸ್ಥೆಯ ಸಂಸ್ಕೃತಿಯ ಮೂರು ಮಟ್ಟ, ನಾಲ್ಕು ವಿಧ ಎರಡೂ ಬಾಯಿಪಾಠ ಆಗಿವೆ. ಆದರೆ ‘ವಿಲೀನದ ಮೇಲೆ ಸಂಸ್ಕೃತಿಯ ಪರಿಣಾಮ’ ಅನ್ನುವ 10 ಅಂಕದ ಪ್ರಶ್ನೆಗೆ 4 ಬಂತು. ವ್ಯಾಖ್ಯೆ ಎಲ್ಲಾ ಬರೆದಿದ್ದೆ. ಇವನ್ನು ಒಂದಕ್ಕೊಂದು ಜೋಡಿಸುವುದು ಹೇಗೆ? ನಮ್ಮ ಕಡೆಯ ಉದಾಹರಣೆ ಕೊಟ್ಟು ಹೇಳ್ತೀರಾ?

ಉತ್ತರ:

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನ ಕಥೆ ಹೇಳುತ್ತೇನೆ. ಹೆಸರು ಬೇಡ. ಮೂವತ್ತು ವರ್ಷ ಒಂದೇ ಮನೆತನ ನಡೆಸಿದ ಮಿಲ್ಲು ಅದು. ಖಾಯಂ ಕೆಲಸಗಾರರು ಅರವತ್ತರ ಆಸುಪಾಸು, ಸುಗ್ಗಿಯಲ್ಲಿ ಹಮಾಲರು ಬೇರೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಸಾಹುಕಾರರು ಮಿಲ್ಲನ್ನು ಹೊರಗಿನ ಒಂದು ಕಂಪನಿಗೆ ಕೊಟ್ಟರು. ಬ್ರ್ಯಾಂಡ್ ಹಾಕಿ ಅಕ್ಕಿ ಮಾರುವ ಕಂಪನಿ. ಅದಕ್ಕೆ ಇನ್ನೊಂದು ಊರಲ್ಲಿ ಸ್ವಂತ ಮಿಲ್ಲೂ ಇತ್ತು. ಎರಡನ್ನೂ ಒಂದೇ ಆಡಳಿತದ ಕೆಳಗೆ ತರಬೇಕಿತ್ತು. ಎಂಟು ತಿಂಗಳಾದ ಮೇಲೆ, ಎಲ್ಲಾ ಕೆಟ್ಟ ಮೇಲೆ, ನನ್ನನ್ನು ಕರೆದರು. ಸಿಬ್ಬಂದಿ ವಿಚಾರದ ಸಲಹೆಗಾರರನ್ನು ಕರೆಯುವುದೇ ಹಾಗೆ ಬಿಡಿ.

ಕಾನೂನಿನ ಮಾತಿನಲ್ಲಿ ಇದು ಖರೀದಿ, ವಿಲೀನ ಅಲ್ಲ. ಆದರೆ ಸಂಸ್ಕೃತಿಯ ಮಟ್ಟಿಗೆ ಎರಡರ ತಲೆನೋವೂ ಒಂದೇ. ಪಠ್ಯದಲ್ಲೂ ಎರಡನ್ನೂ ಒಟ್ಟಿಗೇ ನೋಡುತ್ತಾರೆ.

ಮೂರು ಮಟ್ಟ ಹೇಳಿದವರು ಎಡ್ಗರ್ ಶೈನ್, ಅಮೆರಿಕದ ಎಂಐಟಿಯ ಪ್ರಾಧ್ಯಾಪಕರು. 1985ರಲ್ಲಿ ಅವರು ಇದನ್ನು ಪೂರ್ತಿಯಾಗಿ ಬರೆದರು. ಮೇಲಿನದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಮಟ್ಟ. ಬೋರ್ಡು, ಯೂನಿಫಾರ್ಮು, ಪೂಜೆ, ಕುರ್ಚಿ ಹಾಕಿದ ರೀತಿ ಇವೆಲ್ಲ ಇಲ್ಲಿ ಬರುತ್ತವೆ. ಇವನ್ನು ಆರ್ಟಿಫ್ಯಾಕ್ಟ್ ಅಂತಾರೆ. ನಡುವಿನದು ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮೌಲ್ಯ. ಗೋಡೆ ಮೇಲಿನ ಘೋಷಣೆ, ಎಂಡಿಯವರ ಭಾಷಣ. ಕೆಳಗಿನದು ಒಳನಂಬಿಕೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ‘ಅದರಲ್ಲೇನು ಕೇಳೋದಿದೆ, ಎಲ್ಲಾ ಕಡೆ ಹಂಗೇ ಅಲ್ವಾ’ ಅನ್ನುತ್ತಾರೆ. ಆ ಉತ್ತರ ಬಂತು ಅಂದರೆ ಮೂರನೇ ಮಟ್ಟ ಮುಟ್ಟಿದಿರಿ ಅಂತ ತಿಳಿಯಿರಿ.

ಇಷ್ಟು ನೀವೂ ಬರೆದಿರುತ್ತೀರಿ. ಅಂಕ ಹೋಗಿರುವುದು ಎಲ್ಲಿ ಅಂದರೆ, ಈ ಮಟ್ಟಗಳು ಒಂದರ ಮೇಲೊಂದು ಸುಮ್ನೆ ಕೂತಿಲ್ಲ. ಶೈನ್ ಒಂದು ಎಚ್ಚರಿಕೆ ಕೊಟ್ಟಿದ್ದಾರೆ: ಮೇಲಿನ ಮಟ್ಟ ನೋಡುವುದು ಸುಲಭ, ಅದರ ಅರ್ಥ ಬಿಡಿಸುವುದು ಕಷ್ಟ. ನಮ್ಮ ಮಿಲ್ಲಿನ ಅಮಾವಾಸ್ಯೆ ಅದಕ್ಕೆ ಸಾಕ್ಷಿ.

ನಮ್ಮ ಕಡೆ ಅಂಗಡಿ, ಮಿಲ್ಲುಗಳಲ್ಲಿ ಅಮಾವಾಸ್ಯೆ ಪೂಜೆ ಗೊತ್ತಲ್ಲ. ಈ ಮಿಲ್ಲು ಅವತ್ತು ಪೂರ್ತಿ ಬಂದ್. ಬೆಳಿಗ್ಗೆ ತೊಳೆದು, ಮೆಷಿನ್‌ಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮಧ್ಯಾಹ್ನ ಊಟ. ಕಂಪನಿಯವರು ಬುದ್ಧಿವಂತರೇ. ‘ಧಾರ್ಮಿಕ ವಿಷಯಕ್ಕೆ ಕೈ ಹಾಕೋದು ಬೇಡ’ ಅಂದುಕೊಂಡರು. ಪೂಜೆ ಮಾಡಿ, ಆದರೆ ಮಿಲ್ಲು ನಿಲ್ಲಿಸಬೇಡಿ ಅಂದರು. ವರ್ಷಕ್ಕೆ ಹನ್ನೆರಡು ದಿನದ ಉತ್ಪಾದನೆ ಉಳಿಯಿತಲ್ಲ ಅಂತ ಲೆಕ್ಕ. ಕೆಲಸಗಾರರು ಸ್ವಲ್ಪ ಗೊಣಗಿದರು, ಸುಮ್ಮನಾದರು. ಜಗಳ ಆಗಲಿಲ್ಲ. ಕಂಪನಿಗೆ ಖುಷಿ.

ಮೂರ್ನಾಲ್ಕು ತಿಂಗಳಿಗೆ ನುಚ್ಚು ಜಾಸ್ತಿ ಬರತೊಡಗಿತು. ಭತ್ತದ ತೇವಾಂಶ ನೋಡಿದರು, ಸರಿ ಇದೆ. ಖರೀದಿಯವನ ಮೇಲೆ ಅನುಮಾನ ಬಂತು. ಕಡೆಗೆ ಹಳೇ ಫಿಟ್ಟರ್ ಒಬ್ಬರನ್ನು ಕೂರಿಸಿಕೊಂಡು ನಾನು ಕೇಳಿದೆ: ಅಮಾವಾಸ್ಯೆ ದಿನ ಪೂಜೆ ಮುಂಚೆ ಏನೇನು ಮಾಡ್ತಿದ್ರಿ? ‘ತೊಳೀತಿದ್ವಿ ಸರ್.’ ತೊಳೆಯೋದು ಅಂದರೆ? ‘ಎಲಿವೇಟರ್ ಬೆಲ್ಟ್ ಬಿಗಿ ಮಾಡೋದು, ಬೇರಿಂಗಿಗೆ ಗ್ರೀಸ್ ಹಾಕೋದು, ಪಾಲಿಷರ್ ಬಿಚ್ಚಿ ಜಾಲರಿ ಸವೆದಿದ್ರ ಬದಲಿ ಮಾಡೋದು. ಕುಂಕುಮ ಹಚ್ಚಬೇಕಲ್ಲ ಸರ್, ಹೊಲಸು ಮೆಷಿನ್‌ಗೆ ಹೆಂಗ್ ಹಚ್ಚೋದು?’

ಅಂದರೆ ಆ ಮಿಲ್ಲಿನ ಮೆಷಿನ್ ನಿರ್ವಹಣೆ ಪೂರ್ತಿ ಪೂಜೆಯೊಳಗೇ ಕೂತಿತ್ತು. ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಕಂಪನಿ ಕಂಡದ್ದು ಕಾಯಿ, ಕುಂಕುಮ, ರಜೆ. ಕಾಣದೇ ಹೋದದ್ದು ‘ದೇವರ ಮುಂದೆ ಮೆಷಿನ್ ಹೊಲಸು ಇರಬಾರದು’ ಅನ್ನುವ ಒಳನಂಬಿಕೆ. ಇದನ್ನು ಉತ್ತರದಲ್ಲಿ ಹೀಗೆ ಬರೆಯಬಹುದು: ವಿಲೀನದಲ್ಲಿ ಒಂದು ಆರ್ಟಿಫ್ಯಾಕ್ಟ್ ತೆಗೆದುಹಾಕಿದರೆ, ಅದರ ಕೆಳಗೆ ಸದ್ದಿಲ್ಲದೆ ನಡೆಯುತ್ತಿದ್ದ ಕೆಲಸವೂ ಅದರ ಜೊತೆ ಹೋಗುತ್ತದೆ. ನಷ್ಟ ಕಾಣುವುದು ತಿಂಗಳುಗಟ್ಟಲೆ ತಡವಾಗಿ, ಅದೂ ಬೇರೆ ಯಾವುದೋ ಲೆಕ್ಕದಲ್ಲಿ.

ಆದರೆ ಮಿಲ್ಲನ್ನು ಹಣ್ಣು ಮಾಡಿದ್ದು ಅಮಾವಾಸ್ಯೆ ಅಲ್ಲ. ಒಂದು ಹಾಳೆ.

ಕಂಪನಿಯ ಹಳೇ ಮಿಲ್ಲಿನಲ್ಲಿ ಒಂದು ಫಾರಂ ಇತ್ತು. ಮೆಷಿನ್ ನಿಂತರೆ ಎಷ್ಟು ನಿಮಿಷ, ಏನು ಕಾರಣ, ಯಾರು ನಡೆಸುತ್ತಿದ್ದರು ಅಂತ ಬರೆದು ಸಹಿ ಹಾಕಬೇಕು. ತುಂಬಾ ಸಾಧಾರಣ ಫಾರಂ. ನಾನು ನೋಡಿದ ಎಲ್ಲಾ ಕಾರ್ಖಾನೆಗಳಲ್ಲೂ ಇಂಥದ್ದೊಂದು ಇದೆ. ಇಲ್ಲೂ ತಂದರು. ಮೊದಲ ವಾರ ಎರಡು ಮೂರು ಬಂದವು. ಆಮೇಲೆ ಎಲ್ಲಾ ಫಾರಮ್ಮಿನಲ್ಲೂ ಒಂದೇ ಮಾತು: ‘ಏನೂ ಇಲ್ಲ.’ ಎರಡು ತಿಂಗಳು ಮೆಷಿನ್ ಒಂದು ನಿಮಿಷವೂ ನಿಂತಿಲ್ಲ, ಕಾಗದದ ಪ್ರಕಾರ! ಆದರೆ ಚೀಲದ ಲೆಕ್ಕ ಬೇರೆ ಹೇಳುತ್ತಿತ್ತು. ಕೆಲವು ಪಾಳಿಯಲ್ಲಿ ಅಕ್ಕಿ ಕಾಲು ಭಾಗ ಕಡಿಮೆ.

ಇದನ್ನು ನೆನಪಿಟ್ಟುಕೊಳ್ಳಿ. ಸಂಸ್ಕೃತಿಯ ಡಿಕ್ಕಿ ಯಾವಾಗಲೂ ಜಗಳ, ಮುಷ್ಕರವಾಗಿ ಬರುವುದಿಲ್ಲ. ಬಹಳ ಸಲ ಅದು ಸೊನ್ನೆಯಾಗಿ ಬರುತ್ತದೆ. ದೂರು ಸೊನ್ನೆ, ತಪ್ಪು ಸೊನ್ನೆ, ಸಲಹೆ ಸೊನ್ನೆ. ಕಾಗದದ ಸೊನ್ನೆಗೂ ಗೋಡೌನಿನ ಲೆಕ್ಕಕ್ಕೂ ತಾಳೆ ಬೀಳದಿದ್ದರೆ ಅಲ್ಲಿ ಅಗೆಯಬೇಕು.

ನಾನು ಹಳಬರೊಬ್ಬರನ್ನು ಕೇಳಿದೆ, ಯಾಕೆ ಬರೆಯಲ್ಲ ಅಂತ. ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: ‘ಬೈರಿ ಸರ್. ಬೇಕಾದ್ರ ನಾಕ್ ಮಂದಿ ಮುಂದ ಬೈರಿ. ಬರೀಬ್ಯಾಡ್ರಿ.’

ಹಳೇ ಮಿಲ್ಲಿನಲ್ಲಿ ಸಾಹುಕಾರರು ಸಂಜೆ ಒಂದು ಸುತ್ತು ಬರುತ್ತಿದ್ದರು. ಏನು ತಪ್ಪಾಗಿದೆ ಅಂತ ಕೆಲಸಗಾರನೇ ಹೇಳುತ್ತಿದ್ದ. ಅವರು ಎಲ್ಲರ ಮುಂದೆ ಜೋರಾಗಿ ಬೈಯುತ್ತಿದ್ದರು. ಬೈದ ಮೇಲೆ ಮುಗಿಯಿತು. ಸಂಬಳ ಕಡಿತ ಇಲ್ಲ, ದಾಖಲೆ ಇಲ್ಲ, ಮರುದಿನ ಚಹಾ ಒಟ್ಟಿಗೇ. ಅಲ್ಲಿನ ಒಳನಂಬಿಕೆ ಇದು: ತಪ್ಪು ಮಾತಿನಲ್ಲಿ ಹುಟ್ಟಿ ಮಾತಿನಲ್ಲೇ ತೀರಬೇಕು. ಕಾಗದಕ್ಕೆ ಹೋಯಿತು ಅಂದರೆ ಅದು ಠಾಣೆ, ಕೋರ್ಟಿನ ದಾರಿ. ನಿನ್ನನ್ನು ಹೊರಗೆ ಹಾಕಲು ಯಾರೋ ಕಡತ ಕಟ್ಟುತ್ತಿದ್ದಾರೆ.

ಕಂಪನಿಯ ಇಂಜಿನಿಯರಿಗೆ ಇದರ ಉಲ್ಟಾ. ಆತ ಒಳ್ಳೆಯ ಹುಡುಗ, ದನಿ ಏರಿಸಿದವನಲ್ಲ. ಅವನು ಬೆಳೆದ ಜಾಗದಲ್ಲಿ ಎಲ್ಲರ ಮುಂದೆ ಬೈಯುವುದು ಅವಮಾನ. ಬರೆಯುವುದು ಮರ್ಯಾದೆ. ಬರೆದದ್ದರ ಮೇಲೆ ವ್ಯಕ್ತಿಯನ್ನು ಬಿಟ್ಟು ಮೆಷಿನ್ ಬಗ್ಗೆ ಮಾತಾಡಬಹುದು ಅನ್ನುವುದು ಅವನ ಒಳನಂಬಿಕೆ. ಹೀಗಾಗಿ ಅವನು ನಗುತ್ತಾ ಬರೆದುಕೊಳ್ಳುತ್ತಿದ್ದ. ಕೆಲಸಗಾರರಿಗೆ ಅದು ಕಂಡದ್ದು ನಗುತ್ತಾ ಚೂರಿ ಹಾಕುವವನ ಹಾಗೆ. ಹಳೇ ಸೂಪರ್‌ವೈಸರ್ ಒಬ್ಬರು ಒಮ್ಮೆ ಇಂಜಿನಿಯರನ್ನೇ ಎಲ್ಲರ ಮುಂದೆ ಬೈದರು. ಅವರ ಪ್ರಕಾರ ಅದು ಸಲಿಗೆ, ‘ನೀನು ನಮ್ಮವನು’ ಅಂತ ಒಪ್ಪಿಕೊಂಡ ಗುರುತು. ಇಂಜಿನಿಯರ್ ಅದನ್ನು ಎಚ್ಆರ್‌ಗೆ ಬರೆದು ಕಳಿಸಿದ. ಸೂಪರ್‌ವೈಸರಿಗೆ ನೋಟಿಸ್ ಬಂತು. ಅವತ್ತು ಮಿಲ್ಲು ಎರಡು ಭಾಗವಾಯಿತು.

ನೋಡಿ, ಎರಡೂ ಕಡೆಯ ಗೋಡೆ ಮೇಲೆ ಬರೆಯಬಹುದಾದ ಮೌಲ್ಯ ಒಂದೇ: ‘ಕೆಲಸಗಾರನಿಗೆ ಗೌರವ’. ಎರಡನೇ ಮಟ್ಟದಲ್ಲಿ ಪೂರ್ತಿ ಹೊಂದಾಣಿಕೆ. ಮೂರನೇ ಮಟ್ಟದಲ್ಲಿ ಗೌರವ ಅನ್ನುವ ಪದಕ್ಕೇ ಎದುರುಬದುರು ಅರ್ಥ. ವಿಲೀನದ ಮುಂಚೆ ಮಾಡುವ ಪರಿಶೀಲನೆಯಲ್ಲಿ ಎರಡೂ ಕಡೆಯ ಮೌಲ್ಯಪತ್ರ ಪಕ್ಕಪಕ್ಕ ಇಟ್ಟು ‘ಹೊಂದುತ್ತವೆ’ ಅನ್ನುವುದು ಇದಕ್ಕೇ ಅಪಾಯ.

ಶೈನ್‌ಗೂ ಇಂಥದ್ದೇ ಒಂದು ಅನುಭವ ಆಗಿತ್ತು. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಗೆ ಅವರು ಸಲಹೆಗಾರರಾಗಿದ್ದರು. ಉಪಯೋಗ ಆಗುವವರಿಗೆ ಹಂಚಿ ಅಂತ ಕೆಲವು ಟಿಪ್ಪಣಿ ಬರೆದುಕೊಟ್ಟರು. ಅವು ಯಾರಿಗೂ ತಲುಪುತ್ತಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಅಲ್ಲಿ ಒಬ್ಬ ಮ್ಯಾನೇಜರಿಗೆ ಅವನ ಕೆಲಸ ಅವನ ಸ್ವಂತ ಹೊಲ ಇದ್ದ ಹಾಗೆ. ಕೇಳದೆ ಮಾಹಿತಿ ಕೊಟ್ಟರೆ ‘ನಿನಗೆ ನಿನ್ನ ಕೆಲಸ ಗೊತ್ತಿಲ್ಲ’ ಅಂದ ಹಾಗಾಗುತ್ತದೆ. ಮಾಹಿತಿ ಯಾಕೆ ಹರಿಯುತ್ತಿಲ್ಲ ಅಂತ ಹೊರಗಿನವರು ತಲೆ ಕೆರೆದುಕೊಳ್ಳಬೇಕು, ಒಳಗಿನವರಿಗೆ ಅದು ಬರೀ ಸಭ್ಯತೆ.

ಈಗ ವಿಧಗಳಿಗೆ ಬರೋಣ. ನಾಲ್ಕು ವಿಧ ಅಂದಾಗ ನೀವು ಕ್ಯಾಮರೂನ್ ಮತ್ತು ಕ್ವಿನ್ ಅವರದನ್ನು ಹೇಳುತ್ತಿದ್ದೀರಿ ಅಂದುಕೊಂಡಿದ್ದೇನೆ: ಕ್ಲಾನ್, ಅಡ್‌ಹಾಕ್ರಸಿ, ಮಾರ್ಕೆಟ್, ಹೈರಾರ್ಕಿ. ಹ್ಯಾಂಡಿಯವರ ಪವರ್, ರೋಲ್, ಟಾಸ್ಕ್, ಪರ್ಸನ್ ಬೇರೆ ಪಟ್ಟಿ. ಎರಡನ್ನೂ ಒಂದೇ ಉತ್ತರದಲ್ಲಿ ಕಲಸಬೇಡಿ. ಕ್ಯಾಮರೂನ್-ಕ್ವಿನ್ ಪಟ್ಟಿ ಎರಡು ಗೆರೆಯ ಮೇಲೆ ನಿಂತಿದೆ. ಒಂದು ಗೆರೆಯ ಒಂದು ತುದಿಗೆ ಬಿಗಿತ, ಇನ್ನೊಂದಕ್ಕೆ ಸಡಿಲ. ಇನ್ನೊಂದು ಗೆರೆಯಲ್ಲಿ ಗಮನ ಒಳಗಡೆಗೋ ಹೊರಗಡೆಗೋ ಅಂತ. ಒಳಗೆ ನೋಡುವ ಸಡಿಲದ್ದು ಕ್ಲಾನ್, ಅಂದರೆ ಮನೆಯ ಹಾಗೆ. ಒಳಗೆ ನೋಡುವ ಬಿಗಿಯದು ಹೈರಾರ್ಕಿ, ಕಚೇರಿಯ ಹಾಗೆ. ಹೊರಗೆ ನೋಡುವ ಬಿಗಿಯದು ಮಾರ್ಕೆಟ್, ಟಾರ್ಗೆಟ್ ಲೋಕ. ಹೊರಗೆ ನೋಡುವ ಸಡಿಲದ್ದು ಅಡ್‌ಹಾಕ್ರಸಿ, ಹೊಸ ಪ್ರಯೋಗದ ಜಾಗ.

ಇದನ್ನು ಅಳೆಯಲು ಅವರದೇ ಒಂದು ಪ್ರಶ್ನಾವಳಿ ಇದೆ. ಆರು ವಿಷಯ. ಒಂದೊಂದರ ಕೆಳಗೂ ನಾಲ್ಕು ವಾಕ್ಯ, ಒಂದೊಂದು ವಿಧಕ್ಕೆ ಒಂದು. ನಾಲ್ಕಕ್ಕೂ ಸೇರಿ 100 ಅಂಕ ಹಂಚಬೇಕು. ಮೊದಲು ಈಗ ಹೇಗಿದೆ ಅಂತ, ಆಮೇಲೆ ಹೇಗಿದ್ದರೆ ಚೆನ್ನ ಅಂತ. ಆರರ ಸರಾಸರಿ ತೆಗೆದರೆ ಸಂಸ್ಥೆಯ ಚಿತ್ರ ಸಿಗುತ್ತದೆ.

ನಾವು ಎರಡೂ ಮಿಲ್ಲಿನಲ್ಲಿ ಇದನ್ನು ಕನ್ನಡದಲ್ಲಿ ಓದಿ ಹೇಳಿ, ಹುಣಸೆ ಬೀಜ ಹಂಚಿಸಿ ಮಾಡಿದೆವು. ನೂರು ಬೀಜ ಎಣಿಸುವುದು ಕಷ್ಟ ಅಂತ ಇಪ್ಪತ್ತು ಬೀಜ, ಒಂದಕ್ಕೆ ಐದು ಅಂಕ. ಹಳೇ ಮಿಲ್ಲಿಗೆ ಕ್ಲಾನ್ 50, ಮಾರ್ಕೆಟ್ 30, ಹೈರಾರ್ಕಿ 10, ಅಡ್‌ಹಾಕ್ರಸಿ 10 ಬಂತು. ಕಂಪನಿಯ ಮಿಲ್ಲಿಗೆ ಹೈರಾರ್ಕಿ 45, ಮಾರ್ಕೆಟ್ 35, ಕ್ಲಾನ್ 15, ಅಡ್‌ಹಾಕ್ರಸಿ 5.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಲ್ಲಿ ‘ಕ್ಲಾನ್‌ಗೂ ಹೈರಾರ್ಕಿಗೂ ಆಗಿಬರಲಿಲ್ಲ’ ಅಂತ ಬರೆದು ಮುಗಿಸುತ್ತಾರೆ. ನನಗೆ ಈ ಅಂಕಿಗಳಲ್ಲಿ ಮುಖ್ಯ ಅನ್ನಿಸಿದ್ದು ಮಾರ್ಕೆಟ್‌ನ 30 ಮತ್ತು 35. ಅವು ಹತ್ತಿರ ಹತ್ತಿರ ಇವೆ. ಖರೀದಿ ಮಾತುಕತೆಯಲ್ಲಿ ಕೂತಿದ್ದವರು ಸಾಹುಕಾರರು ಮತ್ತು ಕಂಪನಿಯ ಮಾರಾಟದ ಮುಖ್ಯಸ್ಥರು. ಇಬ್ಬರೂ ದರ, ಗಿರಾಕಿ, ಸುಗ್ಗಿ ಅಂತ ಮಾತಾಡಿದರು. ಇಬ್ಬರಿಗೂ ‘ನಾವು ಒಂದೇ ಥರದ ಮಂದಿ’ ಅನ್ನಿಸಿತು. ಒಪ್ಪಂದ ಮಾಡುವವರು ಭೇಟಿಯಾಗುವುದು ಎರಡೂ ಸಂಸ್ಥೆ ಹೋಲುವ ತುದಿಯಲ್ಲಿ. ಕೆಲಸ ಮಾಡುವವರು ಭೇಟಿಯಾಗುವುದು ಹೋಲದ ತುದಿಯಲ್ಲಿ. ಮೇಲೆ ಕೈಕುಲುಕಿದಾಗ ಕಾಣದ ವ್ಯತ್ಯಾಸ ಕೆಳಗೆ ಪಾಳಿ ಬದಲಾಗುವಾಗ ಕಾಣುವುದು ಅದಕ್ಕೇ.

ಈ ಅಳತೆಗೂ ಒಂದು ಮಿತಿ ಇದೆ. ಸರಾಸರಿಯು ಒಳಗಿನ ಗುಂಪುಗಳನ್ನು ಮುಚ್ಚಿಹಾಕುತ್ತದೆ. ನಮ್ಮ ಲೆಕ್ಕದಲ್ಲಿ ಹಮಾಲರು ಇರಲೇ ಇಲ್ಲ, ಅವರು ಮಿಲ್ಲಿನ ಹಾಜರಿಪಟ್ಟಿಯಲ್ಲಿಲ್ಲ ಅಂತ. ತಪ್ಪು ನನ್ನದೇ. ಅವರ ಗುಂಪಿಗೆ ಅವರದೇ ಮೇಸ್ತ್ರಿ, ಅವರದೇ ನಿಯಮ. ಕಂಪನಿ ಚೀಲಕ್ಕೆ ಬಾರ್‌ಕೋಡ್ ಹಚ್ಚಲು ಹೊರಟಾಗ ಮೊದಲು ಕೆಲಸ ನಿಲ್ಲಿಸಿದವರು ಅವರೇ. ಇನ್ನೊಂದು ವಿಷಯ: ಪ್ರಶ್ನಾವಳಿ ಹೇಳಿಸುವುದು ಜನ ಹೇಳಬಲ್ಲದ್ದನ್ನು ಮಾತ್ರ. ಅಂದರೆ ಅದು ಶೈನ್ ಅವರ ಎರಡನೇ ಮಟ್ಟದ ಆಸುಪಾಸಿನಲ್ಲೇ ನಿಲ್ಲುತ್ತದೆ. ‘ಬರೀಬ್ಯಾಡ್ರಿ’ ಅನ್ನುವ ಮಾತು ಯಾವ ಬೀಜದ ಲೆಕ್ಕದಲ್ಲೂ ಸಿಗಲಿಲ್ಲ. ಮಟ್ಟಕ್ಕೂ ವಿಧಕ್ಕೂ ಇರುವ ಸಂಬಂಧ ಇದೇ. ವಿಧ ಎಲ್ಲಿ ಅಗೆಯಬೇಕು ಅಂತ ತೋರಿಸುತ್ತದೆ. ಎಷ್ಟು ಆಳ ಅಗೆಯಬೇಕು ಅಂತ ಹೇಳುವುದು ಮಟ್ಟ. ನಿಮ್ಮ ಉತ್ತರದಲ್ಲಿ ಈ ಎರಡು ವಾಕ್ಯ ಇದ್ದಿದ್ದರೆ 4 ಬರುತ್ತಿರಲಿಲ್ಲ ಅನ್ನಿಸುತ್ತದೆ.

ಮೂರನೇ ಕೊಂಡಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ವಿಲೀನದಲ್ಲಿ ಎರಡು ಸಂಸ್ಕೃತಿಗಳು ಯಾವ ರೀತಿ ಕೂಡಬೇಕು ಅನ್ನುವುದೂ ಒಂದು ತೀರ್ಮಾನ. ನಹವಂಡಿ ಮತ್ತು ಮಲೆಕ್‌ಜಾದೆ 1988ರಲ್ಲಿ ಇದಕ್ಕೆ ನಾಲ್ಕು ದಾರಿ ಹೇಳಿದರು. ವಲಸೆ ಬಂದವರು ಹೊಸ ದೇಶದ ಸಂಸ್ಕೃತಿಗೆ ಹೇಗೆ ಒಗ್ಗುತ್ತಾರೆ ಅನ್ನುವ ಜಾನ್ ಬೆರಿಯವರ ವಿಚಾರವನ್ನು ಸಂಸ್ಥೆಗಳಿಗೆ ಹೊಂದಿಸಿದ್ದು ಅದು. ಎರಡೂ ತಮ್ಮತನ ಉಳಿಸಿಕೊಂಡು ಕೊಟ್ಟು ತೆಗೆದುಕೊಂಡರೆ ಇಂಟಿಗ್ರೇಷನ್. ಒಂದು ತನ್ನದನ್ನು ಬಿಟ್ಟು ಇನ್ನೊಂದರದನ್ನು ಒಪ್ಪಿಕೊಂಡರೆ ಅಸಿಮಿಲೇಷನ್. ಮಾಲೀಕ ಒಬ್ಬನೇ ಆದರೂ ಒಲೆ ಬೇರೆ ಬೇರೆ ಇದ್ದರೆ ಸೆಪರೇಷನ್. ತನ್ನದೂ ಹೋಗಿ, ಇನ್ನೊಂದರದೂ ಹಿಡಿಸದೆ ನಡುವೆ ನಿಂತರೆ ಡಿಕಲ್ಚರೇಷನ್.

ಅವರ ಮಾತಿನ ತಿರುಳು ಈ ನಾಲ್ಕು ಹೆಸರಲ್ಲಿಲ್ಲ. ಕೊಂಡವರಿಗೆ ಒಂದು ದಾರಿ ಇಷ್ಟ, ಮಾರಿಕೊಂಡವರಿಗೆ ಒಂದು ದಾರಿ ಇಷ್ಟ. ಎರಡೂ ಒಂದೇ ಆದರೆ ಒತ್ತಡ ಕಡಿಮೆ. ಬೇರೆ ಆದರೆ ಒತ್ತಡ ಜಾಸ್ತಿ. ಅಂದರೆ ಎರಡು ಸಂಸ್ಕೃತಿ ತೀರಾ ಬೇರೆ ಇದ್ದರೂ, ಹೇಗೆ ಕೂಡಬೇಕು ಅನ್ನುವುದರಲ್ಲಿ ಒಮ್ಮತ ಇದ್ದರೆ ವಿಲೀನ ನಡೆಯುತ್ತದೆ. ಬಹಳ ಹೋಲುವ ಎರಡು ಸಂಸ್ಥೆಗಳೂ ಆ ಒಮ್ಮತ ಇಲ್ಲದಿದ್ದರೆ ಕಚ್ಚಾಡುತ್ತವೆ. ‘ಸಂಸ್ಕೃತಿ ಬೇರೆ ಇದ್ದರೆ ವಿಲೀನ ಸೋಲುತ್ತದೆ’ ಅಂತ ಬರೆದವರಿಗೂ ಇದನ್ನು ತಿಳಿದು ಬರೆದವರಿಗೂ ಮೌಲ್ಯಮಾಪಕರಿಗೆ ವ್ಯತ್ಯಾಸ ಕಾಣುತ್ತದೆ.

ಕೊಂಡವರ ಆಯ್ಕೆಯನ್ನು ಎರಡು ವಿಷಯ ನಿರ್ಧರಿಸುತ್ತವೆ. ಬೇರೆ ರೀತಿ ನೀತಿಗಳನ್ನು ಎಷ್ಟು ಸಹಿಸುತ್ತಾರೆ ಅನ್ನುವುದು ಒಂದು. ಎರಡೂ ವ್ಯಾಪಾರ ಎಷ್ಟು ಹತ್ತಿರ ಅನ್ನುವುದು ಇನ್ನೊಂದು. ಮಾರಿಕೊಂಡವರ ಆಯ್ಕೆಯನ್ನೂ ಎರಡು: ತಮ್ಮ ಸಂಸ್ಕೃತಿ ಉಳಿಸಿಕೊಳ್ಳುವ ಆಸೆ ಎಷ್ಟು, ಕೊಂಡವರು ತಮಗೆ ಎಷ್ಟು ದೊಡ್ಡವರಾಗಿ, ಚೆಂದವಾಗಿ ಕಾಣುತ್ತಾರೆ. ನಮ್ಮ ಮಿಲ್ಲಿಗೆ ಹಚ್ಚಿ ನೋಡಿ. ಕಂಪನಿಯದೂ ಭತ್ತವೇ, ಮಿಲ್ಲಿನದೂ ಭತ್ತವೇ. ವ್ಯಾಪಾರ ಹತ್ತಿರ, ಸಹನೆ ಕಡಿಮೆ. ಹಾಗಾಗಿ ಅವರು ಮಾಡಿದ್ದು ಅಸಿಮಿಲೇಷನ್. ಆದರೆ ಎಂಡಿಯವರು ಮೊದಲ ದಿನದ ಭಾಷಣದಲ್ಲಿ ‘ಎರಡೂ ಕಡೆಯ ಒಳ್ಳೆಯದನ್ನು ಇಟ್ಟುಕೊಳ್ಳುತ್ತೇವೆ’ ಅಂದಿದ್ದರು. ಅದು ಇಂಟಿಗ್ರೇಷನ್ ಮಾತು. ಮಿಲ್ಲಿನವರಿಗೆ ತಮ್ಮ ಪದ್ಧತಿ ಮೇಲೆ ಅಭಿಮಾನ, ಕಂಪನಿ ಮೇಲೆ ಅಂಥ ಮೋಹ ಏನಿಲ್ಲ. ಅವರಿಗೆ ಬೇಕಿದ್ದದ್ದು ಸೆಪರೇಷನ್. ಒಂದು ಮಿಲ್ಲು, ಮೂರು ದಾರಿ. ನೇರವಾಗಿ ‘ಇನ್ನು ಮೇಲೆ ನಮ್ಮ ಪದ್ಧತಿ’ ಅಂದಿದ್ದರೂ ಇಷ್ಟು ಕೆಡುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಮಾತಿಗೂ ಕೃತಿಗೂ ತಾಳೆ ಇಲ್ಲದಾಗ ಜನ ಮಾತನ್ನು ನಂಬುವುದು ಬಿಟ್ಟರು. ಆಮೇಲೆ ಒಳ್ಳೆಯದನ್ನು ಹೇಳಿದರೂ ಸಂಶಯ.

ಡಿಕಲ್ಚರೇಷನ್‌ಗೆ ಉದಾಹರಣೆ ಹಳೇ ಮುನೀಮರು. ಕೆಂಪು ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಂಪನಿ ಸಾಫ್ಟ್‌ವೇರ್ ತಂದಿತು, ಅವರಿಗೆ ಕಲಿಸಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಹಳೇ ಕುರ್ಚಿಯಲ್ಲೇ ಕೂರುತ್ತಿದ್ದರು. ರೈತರು ಅವರ ಹತ್ತಿರ ಬರುವುದು ಬಿಟ್ಟರು, ಹೊಸಬರು ಅವರನ್ನು ಮಾತಾಡಿಸುತ್ತಿರಲಿಲ್ಲ. ಅವರು ಜಗಳ ಮಾಡಲಿಲ್ಲ, ರಾಜೀನಾಮೆ ಕೊಡಲಿಲ್ಲ. ವಿಲೀನದ ವರದಿಗಳಲ್ಲಿ ಇಂಥವರು ಕಾಣುವುದೇ ಇಲ್ಲ.

ಹಾಗಂತ ಹಳೇ ಮಿಲ್ಲಿನದೆಲ್ಲಾ ಚಿನ್ನ ಅಂತ ತಿಳಿಯಬೇಡಿ. ಮಗಳ ಮದುವೆಗೆ ಸಾಹುಕಾರರು ಕೈಯಿಂದ ಮುಂಗಡ ಕೊಡುತ್ತಿದ್ದರು, ಬಡ್ಡಿ ಇಲ್ಲದೆ. ಕೇಳಲು ಚೆಂದ. ಆದರೆ ಆ ಮುಂಗಡ ತೀರುವವರೆಗೆ ಕೆಲಸಗಾರ ಬೇರೆ ಮಿಲ್ಲಿಗೆ ಹೋಗುವ ಹಾಗಿರಲಿಲ್ಲ. ಕಂಪನಿ ಸಾಲದ ಯೋಜನೆ ತಂದಿತು, ಮೊತ್ತವೂ ಜಾಸ್ತಿ. ಒಂದು ಅರ್ಜಿ, ಇಬ್ಬರು ಜಾಮೀನುದಾರರು. ಮೊದಲ ವರ್ಷ ಒಬ್ಬರೂ ಅರ್ಜಿ ಹಾಕಲಿಲ್ಲ. ಮತ್ತೆ ಸೊನ್ನೆ! ಕಂಪನಿಗೆ ಅದು ಹಣದ ವ್ಯವಹಾರ, ಅವರಿಗೆ ಅದು ಋಣ. ಋಣವನ್ನು ಅರ್ಜಿ ಹಾಕಿ ಕೇಳುವುದು ಹೇಗೆ? ಕ್ಲಾನ್ ಸಂಸ್ಕೃತಿಯ ಬಗ್ಗೆ ಬರೆಯುವಾಗ ಪಠ್ಯಗಳು ಅದರ ಬೆಚ್ಚಗಿನ ಮುಖ ಮಾತ್ರ ತೋರಿಸುತ್ತವೆ. ಹಿಡಿದಿಟ್ಟುಕೊಳ್ಳುವ ಮುಖವೂ ಇದೆ. ಎರಡನ್ನೂ ಬರೆಯಿರಿ.

ಕಡೆಗೆ ಏನು ಮಾಡಿದೆವು ಅಂದರೆ, ಇಡೀ ಮಿಲ್ಲಿಗೆ ಒಂದೇ ದಾರಿ ಅನ್ನುವುದನ್ನು ಬಿಟ್ಟೆವು. ಲೆಕ್ಕಪತ್ರ ಮತ್ತು ಸುರಕ್ಷತೆಯಲ್ಲಿ ಕಂಪನಿಯ ಪದ್ಧತಿಯೇ. ಇಲ್ಲಿ ಚೌಕಾಸಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದೆವು. ಭತ್ತದ ಖರೀದಿಯನ್ನು ಹಳೇ ಮಂದಿಗೇ ಬಿಟ್ಟೆವು. ಅಲ್ಲಿ ವ್ಯಾಪಾರ ನಡೆಯುವುದು ರೈತ, ದಲಾಲಿ, ಖರೀದಿದಾರರ ಪರಿಚಯದ ಮೇಲೆ, 75 ಕೆ.ಜಿ. ಚೀಲಕ್ಕೆ ಬಾಯಲ್ಲೇ ದರ ಕುದುರಿಸಿ. ತೇವಾಂಶದ ಮೀಟರ್ ಮಾತ್ರ ಕಡ್ಡಾಯ ಮಾಡಿದೆವು. ಯಂತ್ರದ ಕೊಠಡಿಯಲ್ಲಿ ಎರಡನ್ನೂ ಕೂಡಿಸಿದೆವು. ಸಂಜೆ ಆರಕ್ಕೆ ಎಲ್ಲರೂ ನಿಂತುಕೊಂಡು ಹತ್ತು ನಿಮಿಷ ಮಾತು. ಏನು ನಿಂತಿತು, ಯಾಕೆ ನಿಂತಿತು ಅಂತ ಬಾಯಲ್ಲಿ ಹೇಳಬೇಕು. ಗುಮಾಸ್ತ ಕಾರಣ ಮತ್ತು ನಿಮಿಷ ಬರೆದುಕೊಳ್ಳುತ್ತಾನೆ. ಹೆಸರಿನ ಕಲಂ ಫಾರಮ್ಮಿನಿಂದಲೇ ತೆಗೆಸಿದೆವು. ಇಂಜಿನಿಯರಿಗೆ ಬೈಯುವುದು ಕಲಿಸಲು ಆಗಲಿಲ್ಲ, ಆದರೆ ಬೈಸಿಕೊಳ್ಳುವುದು ಕಲಿತ.

ಮೂರನೇ ವಾರಕ್ಕೆ ಹಾಳೆಯಲ್ಲಿ ನಿಂತ ನಿಮಿಷಗಳು ಜಾಸ್ತಿಯಾದವು. ಕಂಪನಿಯ ಮುಖ್ಯ ಕಚೇರಿ ಗಾಬರಿಯಾಗಿ ಫೋನ್ ಮಾಡಿತು, ಮಿಲ್ಲು ಇನ್ನೂ ಕೆಟ್ಟಿತಲ್ಲ ಅಂತ. ಮೆಷಿನ್ ನಿಲ್ಲುವುದು ಜಾಸ್ತಿ ಆಗಿಲ್ಲ, ಹೇಳುವುದು ಜಾಸ್ತಿ ಆಗಿದೆ ಅಂತ ತಿಳಿಸಿ ಹೇಳಲು ನನಗೆ ಒಂದು ವಾರ ಬೇಕಾಯಿತು. ಎಲ್ಲವೂ ಸರಿಹೋಗಲಿಲ್ಲ. ನೋಟಿಸ್ ಬಂದಿದ್ದ ಸೂಪರ್‌ವೈಸರ್ ಆಗಲೇ ಬೇರೆ ಮಿಲ್ಲು ಸೇರಿದ್ದರು, ಹೋಗುವಾಗ ತಮ್ಮ ಪರಿಚಯದ ಒಂದಿಷ್ಟು ರೈತರನ್ನೂ ಕರೆದುಕೊಂಡು ಹೋಗಿದ್ದರು. ಆ ನಷ್ಟ ಯಾವ ಖರೀದಿ ಒಪ್ಪಂದದ ಬೆಲೆಯಲ್ಲೂ ಸೇರಿರುವುದಿಲ್ಲ.

ಪರೀಕ್ಷೆಗೆ ದೊಡ್ಡ ಉದಾಹರಣೆಯೂ ಬೇಕು ಅಂದರೆ ಏರ್ ಇಂಡಿಯಾ ಬರೆಯಿರಿ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ಸೇರಿತು. ಆಗ ಇಬ್ಬರ ಮಾಲೀಕರೂ ಸರ್ಕಾರವೇ, ಇಬ್ಬರದೂ ವಿಮಾನವೇ. ವಿಧ ನೋಡಿದರೆ ಅಣ್ಣತಮ್ಮ. ಆದರೂ 2012ರಲ್ಲಿ ಹಳೇ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಕೆಲಸ ನಿಲ್ಲಿಸಿದರು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಹಳೇ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳಿಗೂ ಕೊಡುವುದು ಅದರ ಮುಖ್ಯ ಕಿಡಿ. ಸೇರಿ ಐದು ವರ್ಷವಾದರೂ ‘ಅವರು’, ‘ನಾವು’ ಹೋಗಿರಲಿಲ್ಲ. ಸಂಬಳ, ಬಡ್ತಿಯ ಕಾರಣವೂ ಅದರಲ್ಲಿತ್ತು. ಅದನ್ನೂ ಹೇಳಿ, ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟಬೇಡಿ. ಹಾಗೇ ‘ಇಂತಿಷ್ಟು ಶೇಕಡಾ ವಿಲೀನಗಳು ಸೋಲುತ್ತವೆ’ ಅನ್ನುವ ಅಂಕಿಯನ್ನು ಗೈಡ್ ನೋಡಿ ಬರೆಯಬೇಡಿ. ಸೋಲು ಅಂದರೇನು ಅನ್ನುವುದು ಒಬ್ಬೊಬ್ಬರ ಲೆಕ್ಕದಲ್ಲಿ ಒಂದೊಂದು. ಷೇರು ಬೆಲೆ ನೋಡಿದವರಿಗೆ ಒಂದು ಅಂಕಿ, ಲಾಭ ನೋಡಿದವರಿಗೆ ಇನ್ನೊಂದು.

ಪ್ರಾಜೆಕ್ಟ್ ಮಾಡುವ ಆಸೆ ಇದ್ದರೆ ನಮ್ಮ ಕಡೆಯೇ ಒಳ್ಳೆಯ ವಿಷಯ ಇದೆ, ಗ್ರಾಮೀಣ ಬ್ಯಾಂಕ್. 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ನಾಲ್ಕೂ ಸೇರಿ ಬಳ್ಳಾರಿಯಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಸೇರಿತು, 2019ರಲ್ಲಿ ಕಾವೇರಿ ಸೇರಿತು. 2025ರ ಮೇ 1ಕ್ಕೆ ಧಾರವಾಡದ ವಿಕಾಸವೂ ಸೇರಿ ಈಗ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿ. ಈ ಬ್ಯಾಂಕುಗಳನ್ನು ಹುಟ್ಟುಹಾಕಿದ ದೊಡ್ಡ ಬ್ಯಾಂಕುಗಳೂ ಬೇರೆ ಬೇರೆ. ಒಂದಕ್ಕೆ ಕೆನರಾ, ಒಂದಕ್ಕೆ ಸ್ಟೇಟ್ ಬ್ಯಾಂಕ್, ಇನ್ನೊಂದಕ್ಕೆ ಸಿಂಡಿಕೇಟ್. ಹಾಗಾಗಿ ಶಾಖೆಯ ರೂಢಿಗಳೂ ಬೇರೆ ಬೇರೆ ಮನೆಯಿಂದ ಬಂದವು. ನಿಮ್ಮೂರಿನ ಶಾಖೆಯಲ್ಲಿ ಎರಡು ಮೂರು ವಿಲೀನ ಕಂಡ ಹಿರಿಯರೊಬ್ಬರು ಸಿಕ್ಕರೆ ಬಿಡುವಿನ ಹೊತ್ತಲ್ಲಿ ಕೂತು ಮಾತಾಡಿ. ‘ನಿಮ್ಮ ಬ್ಯಾಂಕಿನ ಸಂಸ್ಕೃತಿ ಏನು’ ಅಂತ ಕೇಳಬೇಡಿ, ಬೋರ್ಡಿನ ಮೇಲಿದ್ದದ್ದನ್ನೇ ಓದಿ ಹೇಳುತ್ತಾರೆ. ‘ವಿಲೀನ ಆದ ಮೇಲೆ ಬಂದ ಹೊಸಬರು ಮಾಡಿದ ಯಾವ ಕೆಲಸ ನೋಡಿ ನಿಮಗೆ ಛೇ ಅನ್ನಿಸಿತು?’ ಅಂತ ಕೇಳಿ. ಅವರು ಹೇಳಿದ ಮೇಲೆ, ಅದರಲ್ಲಿ ತಪ್ಪೇನಿತ್ತು ಅಂತ ಇನ್ನೊಮ್ಮೆ ಕೇಳಿ, ಸುಮ್ಮನಿರಿ.